ನಮ್ಮ ಗಣಿತ ಮೇಷ್ಟ್ರಿಗೆ, 2004ರ ಬ್ಯಾಚಿನಿಂದ

ಪ್ರೀತಿಯ ಸರ್,

ನಮಸ್ಕಾರ. ಈ ತಿಂಗಳ ಕೊನೆಗೆ ನಿಮಗೆ ಅರವತ್ತು ತುಂಬಿ ನಿವೃತ್ತಿ ಅಂತ ಗೊತ್ತಾದಾಗ ನಮ್ಮ ಗ್ರೂಪಿನಲ್ಲಿ ರಾತ್ರಿಯಿಡೀ ನಿಮ್ಮದೇ ಮಾತು.

ಜುಲೈ ಮಳೆ ನೆನಪಿದೆಯಾ ಸರ್? ಹಂಚಿನ ಮಾಡಿನ ಮೇಲೆ ಮಳೆ ಜೋರಾದರೆ ನಿಮ್ಮ ದನಿ ಕೇಳುತ್ತಿರಲಿಲ್ಲ. ನೀವು ಮಾತು ನಿಲ್ಲಿಸಿ, ಲೆಕ್ಕವನ್ನು ಒಂದೊಂದೇ ಸಾಲು ಬೋರ್ಡಿನ ಮೇಲೆ ಬರೆಯುತ್ತಿದ್ದಿರಿ. ಸಂಜೆ ಕಾಲುಸಂಕದ ಹತ್ತಿರ ಕೊಡೆ ಹಿಡಿದು ನಿಂತು, ಕೊನೆಯ ಮಗು ಹಳ್ಳ ದಾಟಿದ ಮೇಲೆಯೇ ಮನೆಗೆ ಹೋಗುತ್ತಿದ್ದಿರಿ. ನಮ್ಮಲ್ಲಿ ಇಬ್ಬರ ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕ ಕಟ್ಟಿದ್ದು ನೀವೇ ಅಂತ ನಮಗೆ ಗೊತ್ತಾಗಿದ್ದು ಮೊನ್ನೆ. ಅವರೇ ಹೇಳಿಕೊಂಡು ಅತ್ತರು. ಅವರಲ್ಲಿ ಒಬ್ಬಳು ಈಗ ಗಣಿತದ ಟೀಚರ್, ಸರ್.

ಶನಿವಾರದ ಬೀಳ್ಕೊಡುಗೆಗೆ ಇಪ್ಪತ್ತಮೂರು ಜನ ಬರುತ್ತಿದ್ದೇವೆ. ಬೆಂಗಳೂರಿನವರು ರಾತ್ರಿ ಬಸ್ಸಿಗೆ ಹೊರಡುತ್ತಾರೆ. ದುಬೈಯಲ್ಲಿರುವ ಇಬ್ಬರು ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ. ಅಮ್ಮನವರನ್ನೂ ಕರೆದುಕೊಂಡು ಬನ್ನಿ. ನಿಮ್ಮ ಬಿಪಿ ಮಾತ್ರೆ ಮರೆಯಬೇಡಿ.

ಒಂದು ಆಸೆ ಇದೆ. ಹಾರ, ಶಾಲು ಎಲ್ಲ ಆದ ಮೇಲೆ ಅದೇ ಹತ್ತನೇ ಕ್ಲಾಸಿನ ಕೋಣೆಯಲ್ಲಿ ನಾವು ಬೆಂಚಿನ ಮೇಲೆ ಕೂರುತ್ತೇವೆ. ಹತ್ತು ನಿಮಿಷ ಪೈಥಾಗೊರಸ್ ಪ್ರಮೇಯ ಹೇಳಿಕೊಡಿ ಸರ್. ಸೀಮೆಸುಣ್ಣ ನಾವು ತರುತ್ತೇವೆ.

ನಿಮ್ಮ ಮಕ್ಕಳು,
2004ರ ಎಸ್ಸೆಸ್ಸೆಲ್ಸಿ ಬ್ಯಾಚ್