ಹತ್ತನೇ ತರಗತಿಯ ಪೋಷಕರಿಗೆ: ಆಂತರಿಕ ಅಂಕಗಳ ಲೆಕ್ಕ

ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಕಾಣುವ ಅಂಕಗಳೆಲ್ಲವೂ ವರ್ಷದ ಕೊನೆಯ ಪರೀಕ್ಷೆಯಿಂದ ಬಂದವಲ್ಲ ಎಂಬುದನ್ನು ಪೋಷಕರ ಗಮನಕ್ಕೆ ತರಬಯಸುತ್ತೇವೆ. ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೂ 25 ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿದ್ದು, ಉಳಿದ ಐದು ವಿಷಯಗಳಲ್ಲಿ ಈ ಹಂಚಿಕೆ 80 ಮತ್ತು 20 ಆಗಿರುತ್ತದೆ. ಅಂದರೆ ಒಟ್ಟು 625ರಲ್ಲಿ 125 ಅಂಕಗಳು ಶಾಲೆಯಲ್ಲಿಯೇ, ವರ್ಷದುದ್ದಕ್ಕೂ ನಿರ್ಧಾರವಾಗುತ್ತವೆ.

ಈ ಅಂಕಗಳು ಎಫ್‌ಎ ಎಂದು ಮಕ್ಕಳು ಕರೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ ಬರುತ್ತವೆ. ಪ್ರತಿಯೊಂದಕ್ಕೂ 50 ಅಂಕಗಳಿದ್ದು, ಅದರಲ್ಲಿ ತಲಾ 15 ಅಂಕಗಳ ಎರಡು ಚಟುವಟಿಕೆಗಳು ಮತ್ತು 20 ಅಂಕಗಳ ಒಂದು ಕಿರುಪರೀಕ್ಷೆ ಸೇರಿರುತ್ತವೆ. ಶಾಲೆಯ ಅಂಗಳದ ಮಳೆಮಾಪಕವನ್ನು ದಿನವೂ ನೋಡಿ ಬರೆದಿಟ್ಟು, ತಿಂಗಳ ಕೊನೆಗೆ ನಕ್ಷೆ ಬಿಡಿಸಿ, ಅದರ ಬಗ್ಗೆ ಶಿಕ್ಷಕರು ಕೇಳಿದ್ದಕ್ಕೆ ಉತ್ತರಿಸುವುದು ಇಂಥ ಒಂದು ಚಟುವಟಿಕೆ. ಇಲ್ಲಿ ಅಂಕ ದೊರೆಯುವುದು ಗಮನಿಸಿದ್ದಕ್ಕೆ ಮತ್ತು ಅರ್ಥಮಾಡಿಕೊಂಡಿದ್ದಕ್ಕೆ; ಪೇಟೆಯ ಅಂಗಡಿಯಲ್ಲಿ ಮಾಡಿಸಿ ತಂದ ಬಣ್ಣದ ಹಾಳೆಗಳಿಗಲ್ಲ. (ಅಂಥ ಹಾಳೆಗಳು ಪ್ರತಿವರ್ಷವೂ ಬರುತ್ತವೆ, ನೋಡಿದ ಕೂಡಲೇ ತಿಳಿಯುತ್ತದೆ.) ನಾಲ್ಕರ ಒಟ್ಟು 200 ಅಂಕಗಳನ್ನು 20ಕ್ಕೆ, ಪ್ರಥಮ ಭಾಷೆಯಲ್ಲಾದರೆ 25ಕ್ಕೆ ಇಳಿಸಲಾಗುತ್ತದೆ. ಉದಾಹರಣೆಗೆ, ವಿಜ್ಞಾನದಲ್ಲಿ 38, 42, 37 ಮತ್ತು 43 ಪಡೆದ ವಿದ್ಯಾರ್ಥಿಯ ಮೊತ್ತ 160, ಆಂತರಿಕ ಅಂಕ 16. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 52 ಬಂದರೆ ಒಟ್ಟು 68. ಇದೇ ವಿದ್ಯಾರ್ಥಿ ಮೂರನೆಯ ಎಫ್‌ಎಯನ್ನು ಪೂರ್ತಿ ತಪ್ಪಿಸಿಕೊಂಡಿದ್ದರೆ ಮೊತ್ತ 123ಕ್ಕೆ ಇಳಿದು, ಆಂತರಿಕ ಅಂಕ 12ರ ಆಸುಪಾಸಿಗೆ ಬರುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಮತ್ತು ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಈ ಲೆಕ್ಕಕ್ಕೆ ಸೇರುವುದಿಲ್ಲ, ಅವು ಅಭ್ಯಾಸಕ್ಕಾಗಿ.

ಆದ್ದರಿಂದ ಹಾಜರಾತಿಯ ಬಗ್ಗೆ ಒಂದು ವಿನಂತಿ. ಜುಲೈ, ಆಗಸ್ಟ್ ತಿಂಗಳ ಮಳೆಗೆ ಜಿಲ್ಲಾಡಳಿತ ರಜೆ ಘೋಷಿಸಿದ ದಿನಗಳಲ್ಲಿ ನಿಗದಿಯಾದ ಕಿರುಪರೀಕ್ಷೆಯನ್ನು ಎಲ್ಲರಿಗೂ ಬೇರೊಂದು ದಿನ ನಡೆಸುತ್ತೇವೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದಾಗ ಮಕ್ಕಳು ವಾರಗಟ್ಟಲೆ ತೋಟದಲ್ಲೇ ಉಳಿದರೆ, ತರಗತಿಯಲ್ಲಿ ಗುಂಪಾಗಿ ಮಾಡುವ ಚಟುವಟಿಕೆಯನ್ನು ಅವರೊಬ್ಬರಿಗಾಗಿ ಮತ್ತೆ ಮಾಡಿಸುವುದು ಕಷ್ಟ. ಕಾಯಿಲೆಯಿಂದ ಗೈರಾದವರು ತರಗತಿ ಶಿಕ್ಷಕರಿಗೆ ಅದೇ ವಾರ ತಿಳಿಸಿದಲ್ಲಿ ಮತ್ತೊಂದು ಅವಕಾಶ ನೀಡಲಾಗುವುದು.

ಆಂತರಿಕ ಅಂಕಗಳನ್ನು ಪರೀಕ್ಷೆಗೆ ಮುಂಚೆಯೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಕಳುಹಿಸಲಾಗುತ್ತದೆ. ಆಮೇಲೆ ಅವುಗಳನ್ನು ಹೆಚ್ಚಿಸಿಕೊಡಿ ಎಂದು ಕೇಳಿಕೊಂಡು ಬಂದರೆ ನಾವು ಏನೂ ಮಾಡಲಾಗದು. ಮಗುವಿನ ಉತ್ತರಪತ್ರಿಕೆ ಹಾಗೂ ಚಟುವಟಿಕೆಯ ದಾಖಲೆಗಳನ್ನು ಪ್ರತಿ ಎಫ್‌ಎ ಮುಗಿದ ನಂತರದ ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ ಶಾಲೆಯಲ್ಲಿ ನೋಡಬಹುದು. ಅಂಕ ಕೂಡಿಸುವುದರಲ್ಲಿ ತಪ್ಪು ಕಂಡುಬಂದರೆ ಅಂದೇ ವಿಷಯ ಶಿಕ್ಷಕರಿಗೆ ತಿಳಿಸಿ, ತಿದ್ದಿಸಿಕೊಂಡು, ದಾಖಲೆಗೆ ಸಹಿ ಮಾಡಬೇಕೆಂದು ಕೋರುತ್ತೇವೆ.

– ಮುಖ್ಯೋಪಾಧ್ಯಾಯರು