ಡಿಸೆಂಬರ್ 13ರ ಆಕಾಶ ವೀಕ್ಷಣೆ: ಬರಲು ಆಗುತ್ತಿಲ್ಲ ಮೇಡಂ, ಕ್ಷಮಿಸಿ

ನಮಸ್ಕಾರ ಮೇಡಂ,

ಶಾಲೆಯ ಟೆಲಿಸ್ಕೋಪ್ ಉದ್ಘಾಟನೆಗೂ ಉಲ್ಕೆ ನೋಡುವ ರಾತ್ರಿಗೂ ಬಾ ಅಂತ ಕರೆದ ನಿಮ್ಮ ಆಮಂತ್ರಣ ಮೊನ್ನೆ ಸಂಜೆ ತಲುಪಿತು. ನೀವಿನ್ನೂ ಬೇರೆಯವರನ್ನು ಕೇಳಬೇಕಾಗುತ್ತದೆ, ಅದಕ್ಕೇ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ 13ರ ಭಾನುವಾರ ನನಗೆ ಬರಲು ಆಗುವುದಿಲ್ಲ. "ನೋಡ್ತೀನಿ ಮೇಡಂ, ಆದಷ್ಟು ಪ್ರಯತ್ನ ಮಾಡ್ತೀನಿ" ಅಂತ ಬರೆದು ಕೊನೆಯ ವಾರದವರೆಗೂ ನಿಮ್ಮನ್ನು ಕಾಯಿಸುವುದು ನನಗೆ ಇಷ್ಟವಿಲ್ಲ. ಆ ದಿನ ಟೆಲಿಸ್ಕೋಪ್ ಉದ್ಘಾಟನೆಗೆ ಅಂತ ನನ್ನ ಹೆಸರು ಎಲ್ಲೂ ಹಾಕಿಸಬೇಡಿ.

ಕಾರಣ ಅಪ್ಪ. ಅವರ ಎರಡನೇ ಕಣ್ಣಿನ ಪೊರೆಯ ಆಪರೇಷನ್ 11ನೇ ತಾರೀಕು ಶುಕ್ರವಾರ ಅಂತ ಗೊತ್ತಾಗಿದೆ. ಅವರಿಗೆ ಕೆಮ್ಮು ಇದ್ದಿದ್ದರಿಂದ ಒಂದು ಸಲ ಆಗಲೇ ಮುಂದೆ ಹೋಗಿದೆ, ಇನ್ನೊಮ್ಮೆ ಮುಂದೂಡಿ ಅಂತ ಕೇಳಲು ನನಗೆ ಬಾಯಿ ಬರುತ್ತಿಲ್ಲ. ಈಗ ಎಲ್ಲರಿಗೂ ಆಗುವ ಆಪರೇಷನ್ ಅದು, ದೊಡ್ಡ ಗಾಬರಿ ಏನಿಲ್ಲ. ಆದರೆ ಆಮೇಲಿನ ಕೆಲವು ದಿನ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬಗ್ಗಿ ಏನನ್ನೂ ಎತ್ತಬಾರದು, ಕಣ್ಣಿಗೆ ನೀರು ತಾಗಬಾರದು, ಕಣ್ಣು ಉಜ್ಜಬಾರದು, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ಮೊದಲ ಕಣ್ಣಿನದು ಆದಾಗ ನೋಡಿದ್ದೇನೆ, ಎರಡು ಬಾಟಲಿಯೂ ಒಂದೇ ಅಳತೆ, ಒಂದೇ ಥರದ ಬಿಳಿ ಮುಚ್ಚಳ. ಅಪ್ಪ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕಿಟಕಿ ಹತ್ತಿರ ಹೋಗಿ, ಯಾವುದು ಯಾವುದು ಅಂತ ಗೊತ್ತಾಗದೆ ಸುಮ್ನೆ ನಿಂತಿದ್ದರು. ಕೊನೆಗೆ ಒಂದರ ಕುತ್ತಿಗೆಗೆ ದಾರ ಕಟ್ಟಿಕೊಟ್ಟೆ. ಆಗ ತಮ್ಮನೂ ಇದ್ದ, ಇಬ್ಬರೂ ಸರದಿಯ ಮೇಲೆ ನೋಡಿಕೊಂಡೆವು. ಈ ಸಲ ಅವನು ಕೆಲಸದ ಮೇಲೆ ಹೊರದೇಶದಲ್ಲಿದ್ದಾನೆ.

ಒಂದು ರಾತ್ರಿಯ ಮಟ್ಟಿಗೆ ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಅವರು ಇಲ್ಲ ಅನ್ನುತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ "ಹೋಗು ಹೋಗು, ನಾನೇನು ಮಗುವಾ" ಅಂದೇ ಅನ್ನುತ್ತಾರೆ. ಆದರೆ ನಿಮ್ಮಲ್ಲಿಗೆ ಬರಲು ಎಂಟು ಗಂಟೆ, ವಾಪಸ್ ಎಂಟು ಗಂಟೆ, ನಡುವೆ ಇಡೀ ರಾತ್ರಿ. ಅಲ್ಲಿ ಮಕ್ಕಳ ಜೊತೆ ಕೂತು ಇಲ್ಲಿಯ ಫೋನ್ ನೋಡುತ್ತಾ ಇರುವುದು ಅಪ್ಪನಿಗೂ ಸರಿಯಲ್ಲ, ಮಕ್ಕಳಿಗೂ ಸರಿಯಲ್ಲ. ಈ ಮೂರು ದಿನ ನಾನು ಅವರ ಹತ್ತಿರ ಇರಬೇಕು ಮೇಡಂ. ನನಗೂ ಹಾಗೇ ಅನ್ನಿಸುತ್ತಿದೆ.

ಕರೆದಿದ್ದಕ್ಕೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ. ಎಷ್ಟೋ ಜನ ದೊಡ್ಡವರ ಪರಿಚಯ ನಿಮಗಿದೆ, ಆದರೂ ಹಳೇ ವಿದ್ಯಾರ್ಥಿನಿಯನ್ನು ನೆನಪಿಟ್ಟುಕೊಂಡು, ಶಾಲೆಯ ಮೊದಲ ಟೆಲಿಸ್ಕೋಪನ್ನು ನೀನೇ ಬಂದು ಉದ್ಘಾಟಿಸಬೇಕು ಅಂತ ಕೈಯಾರೆ ಪತ್ರ ಬರೆದಿರಲ್ಲ, ಅದನ್ನು ಅಪ್ಪನಿಗೂ ಓದಿ ಹೇಳಿದೆ. ಜೊತೆಗಿದ್ದ ಮಕ್ಕಳ ಕಾರ್ಡನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡಿದ್ದೇನೆ. ಮಿಥುನದ ಅವಳಿಗಳನ್ನು ಬರೆದ ಮಗು ಯಾರು? ಇಬ್ಬರ ಕೈಯನ್ನೂ ಹಿಡಿಸಿದೆ, ತಲೆಗಳ ಜಾಗದಲ್ಲಿ ಎರಡು ನಕ್ಷತ್ರ ಅಂಟಿಸಿದೆ, ಅದರಲ್ಲೂ ಒಂದಕ್ಕೆ ಸ್ವಲ್ಪ ಹಳದಿ ಬಳಿದಿದೆ. ಪೊಲಕ್ಸ್ ನಿಜಕ್ಕೂ ಕ್ಯಾಸ್ಟರ್‌ಗಿಂತ ಹಳದಿಯಾಗಿ ಕಾಣುತ್ತದೆ. ಯಾರೋ ಹೇಳಿಕೊಟ್ಟಿದ್ದೋ, ತಾನೇ ನೋಡಿ ಬಳಿದಿದ್ದೋ, ಆ ಮಗುವನ್ನು ನನ್ನ ಪರವಾಗಿ ಕೇಳಿ, ಚೆನ್ನಾಗಿದೆ ಅಂತಲೂ ಹೇಳಿ.

ಪ್ರಯಾಣದ ಖರ್ಚು ಶಾಲೆಯಿಂದಲೇ ಕೊಡುತ್ತೇವೆ ಅಂತ ಬರೆದಿದ್ದೀರಿ. ಆ ಹಣದಲ್ಲಿ ಚಾಪೆಗಳನ್ನೂ ಟಾರ್ಚ್‌ಗಳಿಗೆ ಕಟ್ಟಲು ಕೆಂಪು ಹಾಳೆಯನ್ನೂ ತಗೊಳ್ಳಿ ಅಂತ ನನ್ನ ಆಸೆ. ಉಲ್ಕೆ ನೋಡಲು ಟೆಲಿಸ್ಕೋಪ್ ಬೇಡ, ಬೆನ್ನಿನ ಮೇಲೆ ಮಲಗಿ ಆಕಾಶದ ಆದಷ್ಟು ದೊಡ್ಡ ಭಾಗ ನೋಡುವುದೇ ಒಳ್ಳೆಯದು. ಅದಕ್ಕೆ ಚಾಪೆ ಬೇಕೇ ಬೇಕು.

ತಾರೀಕು ಹೊಂದದಿದ್ದರೆ ಮುಂದಿನ ಶನಿವಾರಕ್ಕೆ ಹಾಕಿಕೊಳ್ಳೋಣ ಅಂದಿದ್ದೀರಿ. ದಯವಿಟ್ಟು ನನಗೋಸ್ಕರ ಬದಲಾಯಿಸಬೇಡಿ. ಜೆಮಿನಿಡ್ಸ್ ಅನ್ನುವ ಈ ಉಲ್ಕೆಗಳು ಹುಟ್ಟುವ ದೂಳಿನ ಹಾದಿಯನ್ನು ಭೂಮಿ ಪ್ರತಿ ವರ್ಷ ಇದೇ ದಿನಗಳಲ್ಲಿ ದಾಟುತ್ತದೆ, ಅವು ಜಾಸ್ತಿ ಬೀಳುವುದು 13, 14ರ ಆಸುಪಾಸಿನಲ್ಲೇ. ಒಂದು ವಾರ ಕಳೆದರೆ ಮಕ್ಕಳು ಸುಮ್ನೆ ಚಳಿಯಲ್ಲಿ ಕಾಯಬೇಕಾಗುತ್ತದೆ. ಅದೂ ಅಲ್ಲದೆ ಈ ವರ್ಷ ದಿನ ಚೆನ್ನಾಗಿ ಕೂಡಿಬಂದಿದೆ. ಅಮಾವಾಸ್ಯೆ ಕಳೆದು ನಾಲ್ಕೈದು ದಿನದ ಎಳೆ ಚಂದ್ರ, ರಾತ್ರಿ ಜಾಸ್ತಿ ಹೊತ್ತಾಗುವ ಮೊದಲೇ ಮುಳುಗುತ್ತಾನೆ. ಸಂಜೆ ಟೆಲಿಸ್ಕೋಪಿಗೆ ಚಂದ್ರನೂ ಸಿಗುತ್ತಾನೆ, ಆಮೇಲೆ ಉಲ್ಕೆಗಳಿಗೆ ಕತ್ತಲೆಯೂ ಸಿಗುತ್ತದೆ. ಇಂಥ ರಾತ್ರಿಯನ್ನು ಅತಿಥಿ ಬರಲಿಲ್ಲ ಅಂತ ಬಿಡುವುದುಂಟಾ?

ಹೊಸ ಟೆಲಿಸ್ಕೋಪನ್ನು ಮಾತ್ರ ಅರ್ಧ ಗಂಟೆ ಮೊದಲೇ ಹೊರಗೆ ತಂದಿಡಿಸಿ. ಒಳಗಿನ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳುವವರೆಗೂ ಚಿತ್ರ ನಡುಗುತ್ತಿರುತ್ತದೆ, ಮಕ್ಕಳು ಟೆಲಿಸ್ಕೋಪೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಚಂದ್ರನಲ್ಲಿ ಬೆಳಕು ಕತ್ತಲೆ ಸೇರುವ ಗೆರೆಯನ್ನೇ ಮೊದಲು ತೋರಿಸಿ, ಕುಳಿಗಳ ನೆರಳು ಅಲ್ಲೇ ಉದ್ದವಾಗಿ ಕಾಣುವುದು. ಶನಿಯೂ ಆ ಹೊತ್ತಿಗೆ ಮೇಲಿರುತ್ತಾನೆ. ಪುಸ್ತಕದ ಚಿತ್ರದಷ್ಟು ಅಗಲದ ಉಂಗುರ ಕಾಣುವುದಿಲ್ಲ ಅಂತ ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ. 2025ರಲ್ಲಿ ಆ ಉಂಗುರ ಅಂಚನ್ನಷ್ಟೇ ನಮ್ಮ ಕಡೆ ಮಾಡಿ ನಿಂತಿತ್ತು, ಈಗ ನಿಧಾನವಾಗಿ ತೆರೆದುಕೊಳ್ಳುತ್ತಿದೆ. ವರ್ಷದಿಂದ ವರ್ಷಕ್ಕೆ ಅದು ಅಗಲವಾಗುವುದನ್ನು ನಿಮ್ಮ ಮಕ್ಕಳು ಇದೇ ಟೆಲಿಸ್ಕೋಪಿನಲ್ಲಿ ನೋಡಬಹುದು. ನನಗೆ ಇದನ್ನು ಯೋಚಿಸಿದರೇ ಖುಷಿಯಾಗುತ್ತದೆ.

ಬರಲಾಗದಿದ್ದರೆ ವಿಡಿಯೊ ಕಾಲ್‌ನಲ್ಲಾದರೂ ಮಾತಾಡು ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೂ ಬೇಡ ಅನ್ನುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕಣ್ಣು ಕತ್ತಲೆಗೆ ಸರಿಯಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ಬೆಳಗುವ ಪರದೆ ಸಾಕು. ಅಷ್ಟು ಜನ ಮಕ್ಕಳು ಕಷ್ಟಪಟ್ಟು ಕತ್ತಲೆಗೆ ಒಗ್ಗಿಕೊಂಡ ಮೇಲೆ ಪರದೆಯ ಮೇಲೆ ನನ್ನ ಮುಖ ಬರುವುದು ಬೇಡ. ಅದರ ಬದಲು ಒಂದು ಪುಟ್ಟ ಪತ್ರ ಬರೆದು 9ನೇ ತಾರೀಕಿನೊಳಗೆ ಕಳಿಸುತ್ತೇನೆ. ಬೆಳಕಿರುವಾಗಲೇ ಮಕ್ಕಳಲ್ಲಿ ಯಾರಾದರೂ ಓದಲಿ. ಹೆಚ್ಚಿನ ಉಲ್ಕಾಪಾತಗಳು ಧೂಮಕೇತುಗಳು ಬಿಟ್ಟುಹೋದ ದೂಳಿನಿಂದ ಬರುತ್ತವೆ ಅಂತ ನೀವು ನಮಗೆ ಕಲಿಸಿದ್ದಿರಿ. ಜೆಮಿನಿಡ್ಸ್‌ನ ಮೂಲ ಮಾತ್ರ ಫೈಥಾನ್ ಅನ್ನುವ ಕ್ಷುದ್ರಗ್ರಹ. ಅದು ಸಿಕ್ಕಿದ್ದು 1983ರಲ್ಲಿ, ಒಂದು ಉಪಗ್ರಹ ತೆಗೆದ ಚಿತ್ರಗಳಲ್ಲಿ. ಉಲ್ಕೆಗಳನ್ನು ಜನ ನೂರಕ್ಕೂ ಹೆಚ್ಚು ವರ್ಷದಿಂದ ನೋಡುತ್ತಲೇ ಇದ್ದರು, ಅವು ಬಂದ ಮನೆ ಯಾವುದು ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈ ಕಥೆಯನ್ನೇ ಮಕ್ಕಳಿಗೆ ಬರೆಯುತ್ತೇನೆ.

ಉದ್ಘಾಟನೆ ಯಾರಿಂದ ಅನ್ನುವುದು ನಿಮ್ಮ ತೀರ್ಮಾನ. ಕೇಳದೇ ಹೇಳುತ್ತಿದ್ದೇನೆ, ಇನ್ನೊಬ್ಬ ಅತಿಥಿಯನ್ನು ಹುಡುಕುವುದೇ ಬೇಡ ಅಂತ ನನಗನ್ನಿಸುತ್ತದೆ. ಹಳೇ ಪೇಪರ್ ಸೇರಿಸಿ ಮಾರಿ ಇದಕ್ಕೆ ದುಡ್ಡು ಕೂಡಿಸಿದ್ದು ಮಕ್ಕಳೇ ಅಂತ ಬರೆದಿದ್ದೀರಲ್ಲ. ಅವರಲ್ಲೇ ಎಲ್ಲರಿಗಿಂತ ಚಿಕ್ಕ ಮಗು ಮೊದಲು ಕಣ್ಣಿಟ್ಟು ನೋಡಲಿ, ಅದಕ್ಕಿಂತ ಒಳ್ಳೆಯ ಉದ್ಘಾಟನೆ ಬೇರೆ ಬೇಕಾ? ರಾತ್ರಿಯಿಡೀ ಮಕ್ಕಳ ಜೊತೆ ಕೂತು ಇದು ಆರ್ದ್ರಾ, ಅದು ಕೃತ್ತಿಕಾ, ಇದು ಲುಬ್ಧಕ ಅಂತ ತೋರಿಸಲು ಒಬ್ಬರು ಬೇಕು ಅನ್ನಿಸಿದರೆ ಮಾತ್ರ ಹೇಳಿ. ನನ್ನ ಜೊತೆ ವೀಕ್ಷಣೆಗೆ ಬರುವ ಗೆಳತಿಯೊಬ್ಬಳಿದ್ದಾಳೆ. ಆ ದಿನ ಬಿಡುವಿದೆಯಾ ಅಂತ ಕೇಳಿ ಇಟ್ಟುಕೊಂಡಿದ್ದೇನೆ, ಖುಷಿಯಿಂದ ಬರುತ್ತೇನೆ ಅಂದಳು. ಮಕ್ಕಳ ಜೊತೆ ಮಾತಾಡುವುದು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ನೀವು ಹೂಂ ಅಂದರಷ್ಟೇ ಅವಳ ನಂಬರ್ ಕಳಿಸುತ್ತೇನೆ. ಬೇಡ ಅಂದರೂ ಯಾರಿಗೂ ಬೇಜಾರಿಲ್ಲ.

ಮೇಡಂ, ಆ ರಾತ್ರಿ ಮೋಡ ಬಾರದಿರಲಿ. ಮಕ್ಕಳು ಯಾರೂ ಮಧ್ಯದಲ್ಲಿ ನಿದ್ದೆಗೆ ಬೀಳದಿರಲಿ, ಬಿದ್ದರೂ ಒಂದಾದರೂ ದೊಡ್ಡ ಉಲ್ಕೆ ನೋಡಿಯೇ ಬೀಳಲಿ. ಗಂಟೆಗೆ ನೂರು ಬೀಳುತ್ತವಂತೆ ಅಂತ ಯಾರಾದರೂ ಆಸೆ ಹುಟ್ಟಿಸಿದ್ದರೆ, ಅದು ತೀರಾ ಕಪ್ಪು ಆಕಾಶದ ಲೆಕ್ಕ, ಹತ್ತಿಪ್ಪತ್ತು ಕಂಡರೂ ಅದು ಒಳ್ಳೆಯ ರಾತ್ರಿಯೇ ಅಂತ ಹೇಳಿ. ನೀವು ಎಲ್ಲರನ್ನೂ ಮಲಗಿಸಿ, ನೋಡಿಸಿ, ಎಣಿಸಿ ಓಡಾಡುತ್ತಲೇ ಇರುತ್ತೀರಿ ಅಂತ ಗೊತ್ತು. ದಯವಿಟ್ಟು ನೀವೂ ಸ್ವಲ್ಪ ಹೊತ್ತು ಚಾಪೆಯ ಮೇಲೆ ಮಲಗಿ ನೋಡಿ, ಬೆಚ್ಚಗೆ ಹೊದ್ದುಕೊಳ್ಳಿ. ಇಷ್ಟು ವರ್ಷ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ಶನಿಯನ್ನು ನಿಮ್ಮ ಮಕ್ಕಳು ಕಣ್ಣಾರೆ ನೋಡುತ್ತಾರೆ. ಕಾರ್ಯಕ್ರಮ ಚೆನ್ನಾಗಿ ಆಗಲಿ ಅಂತ ಮನಸಾರೆ ಹಾರೈಸುತ್ತೇನೆ. ಅಪ್ಪನೂ ನಿಮಗೆ ನಮಸ್ಕಾರ ಹೇಳಿದ್ದಾರೆ.

ಅಪ್ಪ ಸ್ವಲ್ಪ ಸುಧಾರಿಸಿದ ಮೇಲೆ, ಜನವರಿಯಲ್ಲಿ ಯಾವುದಾದರೂ ಒಂದು ದಿನ ಶಾಲೆಗೆ ಬರುತ್ತೇನೆ. ಸಮಾರಂಭ, ವೇದಿಕೆ ಏನೂ ಬೇಡ, ಮಕ್ಕಳ ಜೊತೆ ಒಂದು ಸಂಜೆ ಕೂತರೆ ಸಾಕು. ನಿಮಗೆ ಯಾವ ವಾರ ಅನುಕೂಲ ಅಂತ ನಿಧಾನವಾಗಿ ತಿಳಿಸಿ, ಅವಸರವಿಲ್ಲ. ಗೆಳತಿಯ ವಿಷಯ ಮಾತ್ರ ಈ ವಾರದೊಳಗೆ ಒಂದು ಮಾತು ಹೇಳಿದರೆ ಅವಳಿಗೆ ಟಿಕೆಟ್ ಮಾಡಿಸಲು ಸುಲಭವಾಗುತ್ತದೆ. 14ರ ಬೆಳಿಗ್ಗೆ ಎಷ್ಟು ಉಲ್ಕೆ ಎಣಿಸಿದಿರಿ ಅಂತ ಮಕ್ಕಳಿಂದಲೇ ಒಂದು ಮೆಸೇಜ್ ಮಾಡಿಸಿ.

ನಿಮ್ಮ ಪ್ರೀತಿಯ ಹಳೇ ವಿದ್ಯಾರ್ಥಿನಿ