ಪ್ರತಿಸ್ಪರ್ಧಿ ಲಿಫ್ಟ್ ಸರ್ವಿಸ್ ಕಂಪನಿ: ಯಾಕೆ ಕೊಳ್ಳಬೇಕು, ಎಷ್ಟಕ್ಕೆ ಕೊಳ್ಳಬೇಕು

ನಿರ್ದೇಶಕರ ಮಂಡಳಿಗೆ ಹಣಕಾಸು ವಿಭಾಗದ ಟಿಪ್ಪಣಿ. ಗೋಪ್ಯ. ಮಾರಾಟಗಾರರ ಸಿಬ್ಬಂದಿಗೆ ಈ ಮಾತುಕತೆ ಇನ್ನೂ ಗೊತ್ತಿಲ್ಲ, ದಯವಿಟ್ಟು ಯಾರಿಗೂ ಕಳಿಸಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಂಪನಿಯನ್ನು 2.50 ಕೋಟಿಗೆ ಕೊಳ್ಳಬಹುದು. ಚೌಕಾಸಿ ಮಾಡಿ 2.65 ಕೋಟಿವರೆಗೆ ಹೋಗಬಹುದು. ಅದರ ಮೇಲೆ ಒಂದು ಲಕ್ಷ ಕೇಳಿದರೂ ಎದ್ದು ಬರಬೇಕು. ಮಾಲೀಕರು ಕೇಳುತ್ತಿರುವುದು 3.60 ಕೋಟಿ.

ಕಂಪನಿ ಎಂಥದ್ದು

ಅವರ ಬಳಿ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ, ಅಂದರೆ ಎಎಂಸಿಯಲ್ಲಿ, 640 ಲಿಫ್ಟ್‌ಗಳಿವೆ. ನಮ್ಮ ಬಳಿ 2,300. ಒಂದು ಲಿಫ್ಟ್‌ಗೆ ವರ್ಷಕ್ಕೆ ಸರಾಸರಿ 45,000 ತೆಗೆದುಕೊಳ್ಳುತ್ತಾರೆ, ಅದು 2.88 ಕೋಟಿ. ರಿಪೇರಿ ಮತ್ತು ಬಿಡಿಭಾಗಗಳಿಂದ 1.12 ಕೋಟಿ. ಒಟ್ಟು ವರಮಾನ 4 ಕೋಟಿ. 13 ಟೆಕ್ನಿಶಿಯನ್‌ಗಳು, ಒಬ್ಬ ಸೂಪರ್‌ವೈಸರ್, ಆಫೀಸಿನಲ್ಲಿ ನಾಲ್ವರು, ರಾತ್ರಿ ಫೋನ್ ಎತ್ತುವವರು ಮೂವರು. ಮಾಲೀಕರಿಗೆ 58 ವರ್ಷ. ಮಕ್ಕಳು ಬೇರೆ ಕೆಲಸದಲ್ಲಿದ್ದಾರೆ, ಈ ಕಡೆ ಬರುವ ಮನಸ್ಸಿಲ್ಲ. ಮಾರುವುದಕ್ಕೆ ಕಾರಣ ಅಷ್ಟೇ. ಸಾಲದ ಒತ್ತಡ ಏನೂ ಕಾಣಲಿಲ್ಲ.

ಕೊಳ್ಳುವುದೇ ಯಾಕೆ, ನಾವೇ ಬೆಳೆಯಬಾರದಾ?

ಇದು ಸರಿಯಾದ ಪ್ರಶ್ನೆ. ನಮ್ಮ ಮಾರಾಟ ತಂಡ ಒಂದು ಹೊಸ ಲಿಫ್ಟ್ ತರಲು ಸುಮಾರು 14,000 ಖರ್ಚು ಮಾಡುತ್ತದೆ. ಈ ಖರೀದಿಯಲ್ಲಿ ಒಂದು ಲಿಫ್ಟ್‌ಗೆ 39,000 ಬೀಳುತ್ತದೆ. ಬರೀ ಈ ಎರಡು ಅಂಕಿ ನೋಡಿದರೆ ಕೊಳ್ಳುವುದು ದಡ್ಡತನ.

ಆದರೆ ಕಳೆದ ವರ್ಷ ಬಂದದ್ದರಲ್ಲಿ ಹೋದದ್ದು ಕಳೆದರೆ ನಮಗೆ ಉಳಿದದ್ದು 110 ಲಿಫ್ಟ್. ಇದೇ ವೇಗದಲ್ಲಿ 640 ಮುಟ್ಟಲು ಹತ್ತಿರ ಹತ್ತಿರ ಆರು ವರ್ಷ ಬೇಕು. ಬೇಗ ಬೇಕು ಅಂತ ಅವರ ಗ್ರಾಹಕರ ಬಾಗಿಲು ತಟ್ಟಿದರೆ ದರ ಇಳಿಸಲೇಬೇಕು. ಆ ದರ ನಮ್ಮ ಹಳೇ ಗ್ರಾಹಕರ ಕಿವಿಗೆ ಬೀಳದೆ ಇರುತ್ತಾ? ಪಕ್ಕದ ಕಟ್ಟಡದವರಿಗೆ ಕಡಿಮೆ, ನಮಗೆ ಯಾಕೆ ಜಾಸ್ತಿ ಅಂತ ಮರುದಿನವೇ ಫೋನ್ ಬರುತ್ತದೆ. 2,300 ಲಿಫ್ಟ್‌ಗಳಲ್ಲಿ ತಲಾ 2,000 ಇಳಿದರೂ ವರ್ಷಕ್ಕೆ 46 ಲಕ್ಷ ಹೋಯಿತು.

ಇನ್ನೊಂದು, ಇದೇ ನಿಜವಾದ ಕಾರಣ: ಅವರ 640ರಲ್ಲಿ 410 ಲಿಫ್ಟ್‌ಗಳು ನಮ್ಮ ಟೆಕ್ನಿಶಿಯನ್‌ಗಳು ಈಗಾಗಲೇ ಓಡಾಡುವ ರಸ್ತೆಗಳಲ್ಲೇ ಇವೆ. ಈ ವ್ಯವಹಾರದಲ್ಲಿ ಲಾಭ ತಿನ್ನುವುದು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗುವ ಹೊತ್ತು. ನಮ್ಮ ಒಬ್ಬ ಟೆಕ್ನಿಶಿಯನ್ 60 ಲಿಫ್ಟ್ ನೋಡುತ್ತಾನೆ, ಅವರ ಟೆಕ್ನಿಶಿಯನ್ 49. ಅವರು ಸೋಮಾರಿಗಳಲ್ಲ. ದಾರಿಯಲ್ಲೇ ದಿನ ಕಳೆಯುತ್ತದೆ.

ದೊಡ್ಡ ಕಂಪನಿಯೊಂದು ಇವರನ್ನು ಕೊಳ್ಳಲು ನೋಡುತ್ತಿದೆ ಅಂತ ಮಾಲೀಕರು ಎರಡು ಸಲ ಹೇಳಿದರು. ಇರಬಹುದು. ಆ ಹೆದರಿಕೆಗೆ ನಾನು ಬೆಲೆಯಲ್ಲಿ ಒಂದು ಪೈಸೆಯೂ ಸೇರಿಸಿಲ್ಲ.

ಸಿನರ್ಜಿ: ಎಷ್ಟು ನಂಬಬಹುದು

ಸಿನರ್ಜಿ, ಅಂದರೆ ಎರಡು ಕಂಪನಿ ಒಂದಾದದ್ದರಿಂದ ವರ್ಷಕ್ಕೆ ಉಳಿಯುವುದು, ಹೀಗೆ. ದಾರಿಗಳನ್ನು ಸೇರಿಸಿದರೆ 13 ಟೆಕ್ನಿಶಿಯನ್‌ಗಳ ಕೆಲಸ 11 ಜನರಿಂದ ಆಗುತ್ತದೆ, 9 ಲಕ್ಷ. ಯಾರನ್ನೂ ಮನೆಗೆ ಕಳಿಸುವುದಿಲ್ಲ, ನಮ್ಮಲ್ಲೇ ಮೂರು ಹುದ್ದೆ ಖಾಲಿ ಇವೆ. ವೈರ್ ರೋಪ್, ಡೋರ್ ರೋಲರ್, ಬ್ರೇಕ್ ಲೈನಿಂಗ್ ಇವನ್ನೆಲ್ಲ ನಮ್ಮ ದರಕ್ಕೆ ತಂದರೆ 7 ಲಕ್ಷ. ರಾತ್ರಿ ಕರೆ ಕೇಂದ್ರ, ಸಾಫ್ಟ್‌ವೇರ್, ಆಡಿಟ್, ವಿಮೆ ಒಂದೇ ಕಡೆ ಆದರೆ 12 ಲಕ್ಷ. ಒಟ್ಟು 28.

ಇದರಲ್ಲಿ 4 ಲಕ್ಷ ಕಳೆಯಬೇಕು. ಅವರ ಟೆಕ್ನಿಶಿಯನ್‌ಗಳಿಗೆ ನಮ್ಮವರಿಗಿಂತ ತಿಂಗಳಿಗೆ 2,500 ಕಡಿಮೆ ಸಂಬಳ. ಒಂದೇ ಯೂನಿಫಾರ್ಮ್ ಹಾಕಿಸಿ ಎರಡು ಸಂಬಳ ಕೊಡಲು ಆಗುವುದಿಲ್ಲ. ನಮ್ಮ ಮೊದಲ ಲೆಕ್ಕದಲ್ಲಿ ಇದು ಬಿಟ್ಟೇಹೋಗಿತ್ತು. ಹಾಗಾಗಿ ನಿವ್ವಳ 24 ಲಕ್ಷ. ಇದನ್ನು ಪಡೆಯಲು ಒಂದು ಸಲದ ಖರ್ಚು 22 ಲಕ್ಷ: ಡೇಟಾ ಸಾಗಿಸುವುದು, ಒಪ್ಪಂದ ಪತ್ರ ಬದಲಿಸುವುದು, ಮುಖ್ಯ ಸಿಬ್ಬಂದಿ ಉಳಿಯಲಿ ಅಂತ ಕೊಡುವ ಬೋನಸ್. ಖರ್ಚೆಲ್ಲ ಮೊದಲ ವರ್ಷವೇ ಬರುತ್ತದೆ. ಉಳಿತಾಯ ಪೂರ್ತಿ ಕಾಣುವುದು ಎರಡನೇ ವರ್ಷದ ಕೊನೆಗೆ.

ವರಮಾನ ಜಾಸ್ತಿಯಾಗುವ ಲೆಕ್ಕವನ್ನು ಬೆಲೆಯಲ್ಲಿ ಸೇರಿಸಿಲ್ಲ. ಸುಮಾರು 150 ಲಿಫ್ಟ್‌ಗಳ ಕಂಟ್ರೋಲರ್ 20 ವರ್ಷಕ್ಕಿಂತ ಹಳೆಯದು, ಬದಲಿಸುವ ಕೆಲಸ ಸಿಗಬಹುದು. ನಮ್ಮ ಎಎಂಸಿ ದರ 52,000, ಅವರದ್ದನ್ನೂ ಅಲ್ಲಿಗೆ ಏರಿಸಬಹುದು ಅಂತ ಮಾರಾಟ ವಿಭಾಗ ಹೇಳುತ್ತದೆ. ಕಂಪನಿ ಕೈ ಬದಲಾದ ವರ್ಷವೇ ದರ ಏರಿಸಿದರೆ ಗ್ರಾಹಕರು ಸುಮ್ನೆ ಇರುತ್ತಾರಾ? ಬಂದರೆ ಬರಲಿ, ಅದಕ್ಕೆ ಈಗಲೇ ದುಡ್ಡು ಕೊಡುವುದು ಬೇಡ.

ಬೆಲೆಯ ಲೆಕ್ಕ

ಅವರು ತೋರಿಸುವ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, 62 ಲಕ್ಷ. ಮಾಲೀಕರು ತೆಗೆದುಕೊಳ್ಳುವ ಸಂಬಳ ವರ್ಷಕ್ಕೆ ಬರೀ 6 ಲಕ್ಷ. ಅವರ ಜಾಗಕ್ಕೆ ಮ್ಯಾನೇಜರ್ ತರಲು 18 ಲಕ್ಷ ಬೇಕು, ಹಾಗಾಗಿ 12 ಕಳೆದೆ. ಮನೆಯ ಕಾರು ಮತ್ತು ಇತರ ಖರ್ಚು ಕಂಪನಿ ಲೆಕ್ಕದಲ್ಲಿತ್ತು, 5 ಕೂಡಿಸಿದೆ. ಒಂದು ವಸತಿ ಸಮುಚ್ಚಯದಲ್ಲಿ ಕಳೆದ ವರ್ಷ ಮಾಡಿದ ಆಧುನೀಕರಣದ ಕೆಲಸ ಮತ್ತೆ ಬರುವಂಥದ್ದಲ್ಲ, ಅದರ ಲಾಭ 9 ಕಳೆದೆ. ಉಳಿಯುವುದು 46 ಲಕ್ಷ. ಕೇಳುತ್ತಿರುವ 3.60 ಕೋಟಿ ಅವರ ಲೆಕ್ಕದಲ್ಲಿ 5.8 ಪಟ್ಟು, ನಮ್ಮ ಲೆಕ್ಕದಲ್ಲಿ 7.8 ಪಟ್ಟು.

ಇಷ್ಟು ಸಣ್ಣ, ಒಬ್ಬ ಮಾಲೀಕರ ಮೇಲೆ ನಿಂತಿರುವ ಕಂಪನಿಗೆ 4.5ರಿಂದ 5 ಪಟ್ಟಿಗಿಂತ ಜಾಸ್ತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ. ಅಂದರೆ ಅದು ಇದ್ದ ಹಾಗೇ 2.07ರಿಂದ 2.30 ಕೋಟಿ ಬಾಳುತ್ತದೆ. ಸಿನರ್ಜಿಯ 24 ಲಕ್ಷಕ್ಕೆ ಅದೇ 5 ಪಟ್ಟು ಹಾಕಿದರೆ 1.20 ಕೋಟಿ. ನಾನು ಅದರಲ್ಲಿ ನೂರಕ್ಕೆ 60 ಭಾಗವಷ್ಟೇ ನಂಬುತ್ತೇನೆ: 72 ಲಕ್ಷ. ಒಂದು ಸಲದ ಖರ್ಚು 22 ಕಳೆದರೆ 50 ಲಕ್ಷ. ಎಲ್ಲ ಸೇರಿ ನಮಗೆ ಅದರ ಬೆಲೆ ಹೆಚ್ಚೆಂದರೆ 2.80 ಕೋಟಿ. ಅಷ್ಟನ್ನೂ ಕೊಟ್ಟರೆ ದುಡಿಮೆ ನಮ್ಮದು, ಲಾಭ ಅವರದು. 2.50 ಕೋಟಿಯಲ್ಲಿ ಆ 50 ಲಕ್ಷದ ಪೈಕಿ 20 ಅವರಿಗೆ, 30 ನಮಗೆ. 2.65ರಲ್ಲಿ ನಮಗೆ 15 ಉಳಿಯುತ್ತದೆ, ಅಲ್ಲಿಗೆ ನಿಲ್ಲಿಸೋಣ.

ಪಾವತಿ ಮೂರು ಭಾಗ. ಸಹಿ ಮಾಡಿ ಷೇರು ಕೈಗೆ ಬಂದ ದಿನ 1.75 ಕೋಟಿ. 25 ಲಕ್ಷ 18 ತಿಂಗಳು ಮೂರನೆಯವರ ಬಳಿ ಇರುತ್ತದೆ, ಹಳೇ ಕ್ಲೇಮ್ ಏನಾದರೂ ಎದ್ದರೆ ಅದರಿಂದ ಹೋಗುತ್ತದೆ. ಉಳಿದ 50 ಲಕ್ಷ ವರ್ಷದ ನಂತರ, ಎಷ್ಟು ಲಿಫ್ಟ್ ಉಳಿದವು ಎಂಬುದರ ಮೇಲೆ: 600 ಅಥವಾ ಜಾಸ್ತಿ ಇದ್ದರೆ ಪೂರ್ತಿ, 540ಕ್ಕೆ ಇಳಿದರೆ ಸೊನ್ನೆ, ನಡುವೆ ಇದ್ದರೆ ಆ ಲೆಕ್ಕದಲ್ಲಿ. ಲಾಭಕ್ಕೆ ಕಟ್ಟಿದರೆ ಯಾವ ಖರ್ಚು ಯಾರ ತಲೆಗೆ ಅಂತ ವರ್ಷವಿಡೀ ಜಗಳ. ಹಣ ಕಟ್ಟುತ್ತಿರುವ ಲಿಫ್ಟ್‌ಗಳನ್ನು ಯಾರು ಬೇಕಾದರೂ ಎಣಿಸಬಹುದು.

ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಎಎಂಸಿ ಹಣದಲ್ಲಿ ನೂರಕ್ಕೆ ಸುಮಾರು 30 ಭಾಗ ವರ್ಷದ ಮುಂಗಡವಾಗಿ ಬರುತ್ತದೆ. ಯಾವುದೇ ದಿನ ನೋಡಿದರೂ, ಹಣ ಬಂದು ಸರ್ವಿಸ್ ಬಾಕಿ ಇರುವುದು ಸುಮಾರು 43 ಲಕ್ಷ. ಹಣ ತಿಂದವರು ಒಬ್ಬರು, ಮೆಟ್ಟಿಲು ಹತ್ತುವವರು ಇನ್ನೊಬ್ಬರು ಆಗಬಾರದು. ಆ ಸರ್ವಿಸ್ ಮಾಡಿಕೊಡಲು ನಮಗಾಗುವ ಸುಮಾರು 30 ಲಕ್ಷವನ್ನು ಅವರು ಕಂಪನಿಯ ಖಾತೆಯಲ್ಲೇ ಬಿಟ್ಟುಹೋಗಬೇಕು. ಮಾಲೀಕರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಬೆಲೆಗಿಂತ ದೊಡ್ಡ ಹಗ್ಗಜಗ್ಗಾಟ ಇಲ್ಲೇ ನಡೆಯುತ್ತದೆ ಅಂತ ನನ್ನ ಅಂದಾಜು.

ಎಲ್ಲಿ ಎಡವಬಹುದು

ನಾಲ್ಕು ವರ್ಷದ ಹಿಂದೆ 210 ಲಿಫ್ಟ್‌ಗಳ ಒಂದು ಸಣ್ಣ ಕಂಪನಿ ಕೊಂಡೆವಲ್ಲ, ಮೊದಲ ವರ್ಷವೇ 48 ಕಳೆದುಕೊಂಡೆವು. ತಪ್ಪು ನಮ್ಮದೇ. ದೂರು ಕೊಡುವ ಫೋನ್ ನಂಬರ್, ಬರುವ ಟೆಕ್ನಿಶಿಯನ್, ಬಿಲ್ಲಿನ ಮೇಲಿನ ಹೆಸರು, ಮೂರನ್ನೂ ಒಂದೇ ತಿಂಗಳಲ್ಲಿ ಬದಲಿಸಿದೆವು. ಗ್ರಾಹಕರಿಗೆ ಗೊತ್ತಿರುವುದು ಕಂಪನಿಯಲ್ಲ, ತಿಂಗಳಿಗೊಮ್ಮೆ ಬರುವ ಮನುಷ್ಯ.

ಹೋದ ತಿಂಗಳು, ಲಿಫ್ಟ್ ವಿಮೆಯ ಸಮೀಕ್ಷೆ ಅಂತ ಮಾಲೀಕರು ಹೇಳಿ, ಅವರ ಹಿರಿಯ ಟೆಕ್ನಿಶಿಯನ್ ಜೊತೆ ನನ್ನನ್ನು ಒಂದು ಬೆಳಿಗ್ಗೆ ಕಳಿಸಿದ್ದರು. ಮಷಿನ್ ರೂಮಿಗೆ ಹೋದವರೇ ಕಣ್ಣು ಮುಚ್ಚಿ ಒಂದು ನಿಮಿಷ ಮೋಟರ್ ಸದ್ದು ಕೇಳಿದರು. ಜೇಬಿನಿಂದ ಎಣ್ಣೆ ಮೆತ್ತಿದ ಪುಟ್ಟ ಪುಸ್ತಕ ತೆಗೆದು ಏನೋ ಬರೆದರು. ಯಾವ ಲಿಫ್ಟಿನ ಬ್ರೇಕ್ ಮಳೆಗಾಲದಲ್ಲಿ ಹಿಡಿಯುತ್ತದೆ, ಯಾವ ಕಟ್ಟಡದ ಕಾರ್ಯದರ್ಶಿಗೆ ಮೊದಲು ಫೋನ್ ಮಾಡಬೇಕು, ಎಲ್ಲ ಅದರಲ್ಲಿದೆ. ಅವರ ಸಾಫ್ಟ್‌ವೇರಿನಲ್ಲಿ ಇದ್ಯಾವುದೂ ಇಲ್ಲ. ಆ ಟೆಕ್ನಿಶಿಯನ್ ಮತ್ತು ಸೂಪರ್‌ವೈಸರ್ ಬಿಟ್ಟುಹೋದರೆ ನಾವು ಕೊಂಡಿದ್ದು ಒಂದು ವಿಳಾಸ ಪಟ್ಟಿ ಅಷ್ಟೇ. ಬೋನಸ್‌ನ ದೊಡ್ಡ ಪಾಲು ಇವರಿಬ್ಬರಿಗೆ, ಅರ್ಧ ಆರನೇ ತಿಂಗಳು, ಅರ್ಧ 18ನೇ ತಿಂಗಳು.

ಎರಡನೆಯದು, 96 ಲಿಫ್ಟ್‌ಗಳು ಒಂದೇ ಕಟ್ಟಡ ನಿರ್ವಹಣಾ ಕಂಪನಿಯ ಕೈಯಲ್ಲಿವೆ. ಮಾಲೀಕತ್ವ ಬದಲಾದರೆ ಅವರ ಲಿಖಿತ ಒಪ್ಪಿಗೆ ಬೇಕು ಅಂತ ಒಪ್ಪಂದದಲ್ಲೇ ಇದೆ. ಆ ಪತ್ರ ಕೈಗೆ ಬರದೆ ಹಣ ಕೊಡಬಾರದು. ಉಳಿದವರೂ 30 ದಿನದ ನೋಟಿಸಿನಲ್ಲಿ ಹೋಗಬಹುದು. 100 ಲಿಫ್ಟ್ ಹೋದರೆ ವರಮಾನ 62 ಲಕ್ಷ ಕಮ್ಮಿ. ಟೆಕ್ನಿಶಿಯನ್ ಖರ್ಚು ತಕ್ಷಣ ಇಳಿಯುವುದಿಲ್ಲವಾದ್ದರಿಂದ ಲಾಭದಲ್ಲಿ ಸುಮಾರು 25 ಲಕ್ಷ ಹೋಗುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ. ಆಗ ನಾವು ಕೊಟ್ಟ ಒಟ್ಟು ಬೆಲೆ 2 ಕೋಟಿಗೆ ನಿಲ್ಲುತ್ತದೆ ನಿಜ, ಆದರೂ ಅದು ಕೆಟ್ಟ ಖರೀದಿಯೇ.

ಮೂರನೆಯದು ಎಣಿಕೆ. 60 ಗ್ರಾಹಕರ ಫೈಲ್ ತೆಗೆದು ನೋಡಿದೆವು, ಮೂವರು ಎಂಟು ತಿಂಗಳಿಂದ ಹಣ ಕಟ್ಟಿಲ್ಲ. 640 ಎಂಬುದು 600ರ ಹತ್ತಿರವೂ ಇರಬಹುದು. ಸಹಿಗೆ ಮುಂಚೆ ಎಲ್ಲ ಫೈಲ್ ನೋಡಬೇಕು. ಹಣ ಕಟ್ಟುವ ಲಿಫ್ಟ್ 620ಕ್ಕಿಂತ ಕಡಿಮೆ ಬಂದರೆ, ಕಡಿಮೆಯಾದ ಪ್ರತಿ ಲಿಫ್ಟ್‌ಗೆ 39,000 ಬೆಲೆ ಇಳಿಯಬೇಕು.

ಕೊನೆಯದು ಸುರಕ್ಷತೆ. ಷೇರು ಕೊಂಡರೆ ಹಳೇ ಹೊಣೆಗಳೂ ಜೊತೆಗೇ ಬರುತ್ತವೆ. ಬರೀ ಒಪ್ಪಂದಗಳನ್ನು ಕೊಳ್ಳಬಹುದಿತ್ತು, ಆದರೆ ಆಗ ಒಬ್ಬೊಬ್ಬ ಗ್ರಾಹಕರಿಂದಲೂ ಹೊಸ ಸಹಿ ಬೇಕು. ಸಹಿ ಕೇಳಲು ಹೋದರೆ ಬಿಟ್ಟುಹೋಗಲು ನಾವೇ ನೆನಪಿಸಿದ ಹಾಗೆ. ಆದ್ದರಿಂದ ಷೇರು ಖರೀದಿಯೇ ಸರಿ, ಆದರೆ ಮೊದಲು 80 ಲಿಫ್ಟ್‌ಗಳನ್ನು ನಮ್ಮ ಎಂಜಿನಿಯರ್‌ಗಳೇ ಪರೀಕ್ಷಿಸಬೇಕು: ರೋಪಿನಲ್ಲಿ ತುಂಡಾದ ಎಳೆಗಳು, ಗವರ್ನರ್, ಸೇಫ್ಟಿ ಗೇರ್, ಬ್ರೇಕ್, ಡೋರ್ ಲಾಕ್ ಕಾಂಟ್ಯಾಕ್ಟ್. ಡೋರ್ ಲಾಕನ್ನು ವೈರ್ ಹಾಕಿ ಬೈಪಾಸ್ ಮಾಡಿದ್ದು ಒಂದೇ ಒಂದು ಸಿಕ್ಕರೂ ನಾನು ಈ ಟಿಪ್ಪಣಿ ವಾಪಸ್ ತೆಗೆದುಕೊಳ್ಳುತ್ತೇನೆ.

ಸೇರಿಸುವ ಕ್ರಮ

ಮೊದಲ ಆರು ತಿಂಗಳು ಗ್ರಾಹಕರಿಗೆ ಏನೂ ಬದಲಾಗಿಲ್ಲ ಅನ್ನಿಸಬೇಕು. ಬಿಡಿಭಾಗ ಖರೀದಿ ಮತ್ತು ಲೆಕ್ಕಪತ್ರ ಮೊದಲು ಒಂದಾಗಲಿ, ಅವು ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಕರೆ ಕೇಂದ್ರ ಆಮೇಲೆ, ಹಳೇ ನಂಬರ್ ಹಾಗೇ ಇಟ್ಟುಕೊಂಡು. ದಾರಿಗಳನ್ನು ಸೇರಿಸುವುದು ಏಳನೇ ತಿಂಗಳಿಂದ, ಒಂದೊಂದೇ ಬಡಾವಣೆ. ಹೆಸರು ವರ್ಷದ ನಂತರ. ಮಾಲೀಕರು 12 ತಿಂಗಳು ಸಲಹೆಗಾರರಾಗಿ ಇರುತ್ತಾರೆ, ನಾಲ್ಕು ವರ್ಷ ಇದೇ ವ್ಯವಹಾರ ಮಾಡುವುದಿಲ್ಲ ಅಂತ ಬರೆದುಕೊಡುತ್ತಾರೆ. ನಮ್ಮ ಕಡೆಯಿಂದ ಉಪ ಸರ್ವಿಸ್ ಮುಖ್ಯಸ್ಥರನ್ನು ಆರು ತಿಂಗಳು ಪೂರ್ತಿ ಇದಕ್ಕೇ ಬಿಡಬೇಕು. ಕಳೆದ ಸಲ ಇದು ಎಲ್ಲರಿಗೂ ಎರಡನೇ ಕೆಲಸವಾಗಿತ್ತು.

ಮಂಡಳಿಯಿಂದ ಮೂರು ಒಪ್ಪಿಗೆ ಬೇಕು: 2.50 ಕೋಟಿಯ, ಇನ್ನೂ ಬದ್ಧತೆಯಿಲ್ಲದ ಆಫರ್ ಪತ್ರ, 2.65 ಮಿತಿಯೊಂದಿಗೆ; ಫೈಲ್ ಮತ್ತು ಲಿಫ್ಟ್ ಪರೀಕ್ಷೆಗೆ 6 ಲಕ್ಷ; ಬೇರೆ ಯಾರ ಜೊತೆಯೂ ಮಾತಾಡುವುದಿಲ್ಲ ಅಂತ ಮಾಲೀಕರಿಂದ 45 ದಿನದ ಬರವಣಿಗೆ. ಮೂರನೆಯದು ಸಿಗದಿದ್ದರೆ 6 ಲಕ್ಷ ಖರ್ಚು ಮಾಡುವುದಿಲ್ಲ.